ಹೊರಟ ದಿಕ್ಕು

ನರ್ಸಿಂಗ್ ಕಾಲೇಜಿನ ಹುಡುಗಿಯರು ಆಕೆಗೆ ಗಂಟೆ ಮೇಡಂ ಅಂತ ಹೆಸರಿಟ್ಟಿದ್ದರು. ಪಾಠ ಶುರು ಮಾಡಿದರೆ ಧ್ವನಿ ಉದ್ದನೆಯ ಕಾರಿಡಾರು ದಾಟಿ ಆಫೀಸಿನ ಬಾಗಿಲವರೆಗೆ ಕೇಳುತ್ತಿತ್ತು. ಪ್ರಿನ್ಸಿಪಾಲರು ಫೋನಿನಲ್ಲಿ ಮಾತಾಡುವಾಗ ಎದ್ದು ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಶರೀರಶಾಸ್ತ್ರ ಅಂದರೆ ಹೆದರುವ ಹುಡುಗಿಯರು ಕೂಡ ಆಕೆಯ ಕ್ಲಾಸು ತಪ್ಪಿಸುತ್ತಿರಲಿಲ್ಲ.

ಆ ಧ್ವನಿ ಹೋಗಿ ಕೆಲವು ತಿಂಗಳಾಗಿತ್ತು. ಥೈರಾಯ್ಡಿನಲ್ಲಿ ಗಂಟು ಕಾಣಿಸಿಕೊಂಡು ಶಸ್ತ್ರಚಿಕಿತ್ಸೆ ಆಯಿತು. ಧ್ವನಿಪೆಟ್ಟಿಗೆಗೆ ಹೋಗುವ ನರ ಅಲ್ಲೇ ಪಕ್ಕದಲ್ಲಿ ಹಾದು ಹೋಗುತ್ತದೆ, ಅದಕ್ಕೆ ಪೆಟ್ಟಾಗುವ ಸಾಧ್ಯತೆ ಇದೆ ಅಂತ ವೈದ್ಯರು ಮೊದಲೇ ಹೇಳಿದ್ದರು. ಆಕೆಯೂ ಅದನ್ನು ಎಷ್ಟೋ ಸಲ ಪಾಠ ಮಾಡಿದ್ದವಳೇ. ಆದರೂ ಎಚ್ಚರವಾದ ಮೇಲೆ ಗಂಡನನ್ನು ಕರೆಯಲು ಬಾಯಿ ತೆರೆದಾಗ ಬರೀ ಗಾಳಿ ಹೊರಬಂತು. ಒಂದು ಕಡೆಯ ಧ್ವನಿತಂತು ಅಲುಗದೆ ನಿಂತಿತ್ತು. ಗಂಟು ಅಪಾಯದ್ದಲ್ಲ ಅಂತ ವರದಿ ಬಂತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆಕೆ ಬಿಟ್ಟ ಉಸಿರು ಮಾತ್ರ ಮಾತಿನಂತೆಯೇ ಕೇಳಿಸಿತು, ಮಾತು ಉಸಿರಿನಂತೆ.

ರಜೆ ಮುಗಿಸಿ ಬಂದಾಗ ಆಕೆಯ ಕ್ಲಾಸಿಗೆ ಬೇರೊಬ್ಬರು ನೇಮಕವಾಗಿದ್ದರು. ವಯಸ್ಸಿನಲ್ಲಿ ಚಿಕ್ಕವರು, ಮರ್ಯಾದಸ್ಥರು. ಇಡೀ ಕಾಲೇಜು ಅವರನ್ನು ಹೊಸ ಮೇಷ್ಟ್ರು ಅನ್ನುತ್ತಿತ್ತು. ಹೃದಯ ಮತ್ತು ರಕ್ತಪರಿಚಲನೆಯ ಪಾಠವನ್ನು ಆಕೆ ಅರ್ಧ ಮಾಡಿ ಆಸ್ಪತ್ರೆ ಸೇರಿದ್ದಳು. ಆಕೆಯ ಪಾಠದ ರೂಪುರೇಷೆಯನ್ನೇ ಇಟ್ಟುಕೊಂಡು ಅವರು ಮೊದಲರ್ಧವನ್ನು ಇನ್ನೊಮ್ಮೆ ಓದಿ ಹೇಳಿ, ಉಳಿದದ್ದನ್ನು ಮುಗಿಸಿದ್ದರು. ಮೂರು ಹಾಳೆ, ತಲೆಬರಹಗಳು, ಒಂದೊಂದು ಸಾಲಿನ ಅಂಶಗಳು, ಅಲ್ಲಲ್ಲಿ ಒಂದು ನಕ್ಷತ್ರದ ಗುರುತು. ಆಕೆಗೆ ಸ್ಟಾಫ್ ರೂಮಿನ ಮೂಲೆಯಲ್ಲಿ ರೆಕಾರ್ಡು ತಿದ್ದುವ ಕೆಲಸ ಕೊಟ್ಟಿದ್ದರು. ಮೈಕು ಹಿಡಿದು ನೋಡಿದ್ದೂ ಆಗಿತ್ತು. ಅದರಲ್ಲಿ ಅಕ್ಷರಕ್ಕಿಂತ ಉಸಿರೇ ದೊಡ್ಡದಾಗಿ ಕೇಳಿ, ಮುಂದಿನ ಸಾಲಿನ ಹುಡುಗಿಯರು ಮುಖ ಬಗ್ಗಿಸಿಕೊಂಡಿದ್ದರು. ಅದು ನಗುವೋ ಅಳುವೋ ಆಕೆ ನೋಡಲು ಹೋಗಲಿಲ್ಲ.

ಪಕ್ಕದ ಕೋಣೆಯಿಂದ ಹೊಸ ಮೇಷ್ಟ್ರ ಪಾಠ ಗೋಡೆ ದಾಟಿ ಮಂದವಾಗಿ ಬರುತ್ತಿತ್ತು. ಕೆಂಪು ಪೆನ್ನು ಹಿಡಿದು ಕೂತ ಆಕೆಯ ತುಟಿ ತನಗೇ ತಿಳಿಯದೆ ಅಲುಗುತ್ತಿತ್ತು. ಇಲ್ಲಿ ನಾನಾಗಿದ್ದರೆ ನಿಲ್ಲಿಸುತ್ತಿದ್ದೆ, ಇಲ್ಲಿ ಒಬ್ಬಳನ್ನು ಎಬ್ಬಿಸಿ ಕೇಳುತ್ತಿದ್ದೆ ಅನ್ನಿಸುತ್ತಿತ್ತು. ಹಸಿದವರು ಪಕ್ಕದ ಮನೆಯ ಒಗ್ಗರಣೆ ವಾಸನೆ ಕುಡಿದ ಹಾಗೆ ಆಕೆ ಆ ಸದ್ದು ಕುಡಿಯುತ್ತಿದ್ದಳು.

ಮನೆಯಲ್ಲೂ ಅದೇ ಕಥೆ. ಅಣ್ಣನ ಮನೆಯಲ್ಲಿದ್ದ ಅಮ್ಮನಿಗೆ ಕಿವಿ ಮಂದ. ಮೊದಲೆಲ್ಲ ಮಗಳ ಧ್ವನಿಯೊಂದೇ ಫೋನಿನಲ್ಲಿ ಸರಿಯಾಗಿ ಕೇಳುತ್ತದೆ ಅಂತ ಅಮ್ಮ ಸೊಸೆಯ ಮುಂದೆ ಹೇಳಿ ಹೇಳಿ ಅವಳ ಕೋಪಕ್ಕೂ ಗುರಿಯಾಗಿದ್ದಳು. ಈಗ ಫೋನು ಬಂದರೆ, “ಹಲೋ, ಹಲೋ... ಯಾರೂ ಮಾತಾಡ್ತಿಲ್ಲ ಕಣೋ, ಲೈನು ಸರಿ ಇಲ್ಲ,” ಅಂತ ಅಣ್ಣನ ಕೈಗೆ ಕೊಟ್ಟುಬಿಡುತ್ತಿದ್ದಳು. ಗಂಡ ಫೋನು ತೆಗೆದುಕೊಂಡು ಹೆಂಡತಿಯ ತುಟಿ ನೋಡುತ್ತಾ, “ಚೆನ್ನಾಗಿದ್ದಾಳೆ ಅತ್ತೆ, ಊಟ ಆಯ್ತಂತೆ, ನಿಮ್ಮ ಮಂಡಿ ನೋವು ಹೇಗಿದೆ ಅಂತ ಕೇಳ್ತಿದ್ದಾಳೆ,” ಅಂತ ಕೂಗಿ ಹೇಳುತ್ತಿದ್ದ. ಮಾತು ತಲುಪುತ್ತಿತ್ತು. ಆದರೆ ಅಮ್ಮಾ ಅನ್ನುವ ಒಂದು ಪದವನ್ನು ಗಂಡನ ಬಾಯಿಂದ ಕಳಿಸಲು ಬರುವುದಿಲ್ಲವಲ್ಲ.

ಆಂತರಿಕ ಪರೀಕ್ಷೆಯಲ್ಲಿ ರಕ್ತಪರಿಚಲನೆಯ ಪ್ರಶ್ನೆಗಳಿಗೆ ಅರ್ಧ ಕ್ಲಾಸು ಒಂದೇ ಥರದ ತಪ್ಪುಗಳನ್ನು ಕಂತೆ ಕಂತೆ ಬರೆಯಿತು. ಪ್ರಿನ್ಸಿಪಾಲರು ಇಬ್ಬರನ್ನೂ ಕರೆದು, ಕೊನೆಯ ಪರೀಕ್ಷೆಗೆ ಮೊದಲು ಪುನರಾವರ್ತನೆ ಆಗಲೇಬೇಕು ಅಂದರು. ಹೊರಗೆ ಬಂದ ಮೇಲೆ ಹೊಸ ಮೇಷ್ಟ್ರು ತಲೆ ಕೆರೆದುಕೊಂಡರು.

“ಮೇಡಂ, ಅದೇ ಪಾಠ ಇನ್ನೊಂದ್ಸಲ ಒದರಿದ್ರೆ ಅವರು ನಿದ್ದೆ ಹೊಡೀತಾರೆ. ನಿಮ್ಮ ರೂಪುರೇಷೇನ ಒಂದು ಕ್ವಿಜ್ ಆಟ ಮಾಡೋಣ. ನಾಲ್ಕು ತಂಡ, ನಾಲ್ಕು ಸುತ್ತು. ಪ್ರಶ್ನೆಗೊಂದು ಸ್ಲೈಡು, ಉತ್ತರಕ್ಕೊಂದು ಸ್ಲೈಡು. ಪ್ರಶ್ನೆ ನಾನು ಓದ್ತೀನಿ. ಆಟ ನಿಮ್ಮದು.”

ಆಕೆ ಪಿಸುಗುಟ್ಟಿದಳು. “ನನ್ನದು ಹೇಗಾಗತ್ತೆ ಮೇಷ್ಟ್ರೇ? ಬಾಯಿ ನಿಮ್ಮದು.”

“ಉತ್ತರದ ಸ್ಲೈಡು ನಿಮ್ಮ ಬಾಯಿ ಅನ್ಕೊಳಿ,” ಅಂದರು ಅವರು. ಸುಮ್ಮನೆ ಸಮಾಧಾನಕ್ಕೆ ಹೇಳಿದ ಮಾತು. ಆದರೆ ಆಕೆ ಅದನ್ನು ಮನೆಗೆ ಹೊತ್ತುಕೊಂಡು ಹೋದಳು.

ಮೊದಲ ಪ್ರಯತ್ನ ಕೆಟ್ಟದಾಗಿತ್ತು. ರೂಪುರೇಷೆಯ ಪ್ರತಿ ಸಾಲಿನ ಕೊನೆಗೂ ಒಂದು ಪ್ರಶ್ನೆ ಚಿಹ್ನೆ ಸಿಕ್ಕಿಸಿದಂತಿತ್ತು. ಗಂಡ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು, ಸುತ್ತಮುತ್ತಲಿನ ವಾಲಿಬಾಲ್ ಪಂದ್ಯಗಳಿಗೆಲ್ಲ ಅಂಪೈರು. ಶರೀರಶಾಸ್ತ್ರ ಬಾರದ ಆತನನ್ನು ಆಕೆ ಲ್ಯಾಪ್‌ಟಾಪಿನ ಮುಂದೆ ಕೂರಿಸಿದಳು. ಆತ ಒಂದಾದ ಮೇಲೊಂದು ಸರಿಯುತ್ತರ ಕೊಡತೊಡಗಿದ.

“ಏನ್ರೀ, ಯಾವಾಗ ಓದಿದ್ರಿ?”

“ಓದೋದೇನು ಬಂತು? ‘ಎರಡು ಹೃತ್ಕರ್ಣಗಳ ಕೆಳಗೆ ಏನಿರುತ್ತೆ’ ಅಂತ ಇಲ್ಲಿ ಕೇಳಿದ್ದೀಯ. ಹಿಂದಿನ ಪ್ರಶ್ನೇಲಿ ‘ಹೃತ್ಕರ್ಣ ಎಷ್ಟು’ ಅಂತಿತ್ತು. ಒಂದು ಪ್ರಶ್ನೆ ಇನ್ನೊಂದರ ಗುಟ್ಟು ಬಿಟ್ಕೊಡ್ತಿದೆ. ಆಮೇಲೆ ನಾಲ್ಕು ಆಯ್ಕೇಲಿ ಉದ್ದ ಇರೋದೇ ಸರಿಯುತ್ತರ ನಿನ್ನತ್ರ. ಕಣ್ಮುಚ್ಕೊಂಡು ಹೇಳಬಹುದು.”

ಆಕೆ ಸದ್ದಿಲ್ಲದೆ ನಕ್ಕಳು. ಹೆಗಲು ಕುಣಿಯುವುದು ಕಂಡರೆ ಮಾತ್ರ ಅದು ನಗು ಅಂತ ಈಗ ಗೊತ್ತಾಗುತ್ತಿತ್ತು.

ಮತ್ತೆ ಮೊದಲಿಂದ ಕೂತರು. ಬರೀ ನೆನಪಿಟ್ಟುಕೊಳ್ಳಬೇಕಾದ ಹೆಸರು, ಸಂಖ್ಯೆಗಳೆಲ್ಲ ಮೊದಲ ಸುತ್ತಿಗೆ ಹೋದವು. ತಂಡಕ್ಕೊಂದರಂತೆ ಸರದಿ ಪ್ರಕಾರ ಪ್ರಶ್ನೆ, ಸರಿಯಾದರೆ ಹತ್ತು, ಬಾರದಿದ್ದರೆ ಪಕ್ಕದ ತಂಡಕ್ಕೆ, ಅವರು ಹೇಳಿದರೆ ಐದು, ತಪ್ಪಿಗೆ ಕಡಿತ ಇಲ್ಲ. ಹೆದರಿಕೆ ಬಿಡಿಸಲು ಅದು. ಎರಡನೆಯದು ಜೋಡಣೆಯ ಸುತ್ತು. ರಕ್ತ ಹೃದಯದೊಳಗೆ ಬಂದು, ಶ್ವಾಸಕೋಶಕ್ಕೆ ಹೋಗಿ, ತಿರುಗಿ ಬಂದು, ಮೈಗೆಲ್ಲ ಹೊರಡುವ ದಾರಿಯ ಎಂಟು ಚೀಟಿಗಳನ್ನು ಎಲ್ಲ ತಂಡಗಳೂ ಒಂದೇ ಹೊತ್ತಿಗೆ ತಂತಮ್ಮ ಮೇಜಿನ ಮೇಲೆ ಸಾಲಾಗಿಡಬೇಕು. ಸರಿಯಾದ ಜಾಗದಲ್ಲಿರುವ ಪ್ರತಿ ಚೀಟಿಗೆ ಎರಡು ಅಂಕ ಅಂತ ಆಕೆ ಬರೆದಿದ್ದಳು.

“ಮೊದಲನೇ ಚೀಟಿ ಬಿಟ್ಟೋಗಿ ಕೊನೇಲಿ ಸೇರಿಸಿದ್ರು ಅನ್ಕೋ,” ಅಂದ ಗಂಡ. “ಮಿಕ್ಕಿದ್ದೆಲ್ಲ ಸರಿ ಇದ್ರೂ ಒಂದೊಂದು ಜಾಗ ಮುಂದೆ ಬಂದು ಕೂರತ್ತೆ. ಗೊತ್ತಿದ್ದೂ ಸೊನ್ನೆ. ಅನ್ಯಾಯ ಅಲ್ವೇನೇ?”

ಅದು ನಿಜವಿತ್ತು. ಜಾಗಕ್ಕಲ್ಲ, ಯಾವುದರ ನಂತರ ಯಾವುದು ಅನ್ನುವ ಪ್ರತಿ ಸರಿ ಜೋಡಿಗೆ ಎರಡು ಅಂಕ ಅಂತ ನಿಯಮ ಬದಲಾಯಿತು. ಮೂರನೆಯದು ತಟ್ಟೆ ಬಡಿಯುವ ಸುತ್ತು. ಮೊದಲು ಬಡಿದವರಿಗೆ ಅವಕಾಶ, ಸರಿಗೆ ಹತ್ತು, ತಪ್ಪಿಗೆ ಐದು ಕಡಿತ, ಉಳಿದವರು ಆಗ ಮತ್ತೆ ಬಡಿಯಬಹುದು. ಕೊನೆಯದು ‘ಯಾಕೆ’ ಸುತ್ತು. ಉತ್ತರಕ್ಕೆ ಐದು, ಕಾರಣಕ್ಕೆ ಹತ್ತು. ತಂಡದಲ್ಲಿ ಮಾತಾಡಿಕೊಳ್ಳಬಹುದು, ಆದರೆ ಎದ್ದು ಹೇಳಲು ಒಬ್ಬಳಿಗೆ ಒಂದೇ ಸಲ ಅವಕಾಶ.

“ಎಲ್ಲ ನಿಯಮ ಮೊದಲೇ ಓದಿಬಿಡಿ. ಆಟ ಶುರುವಾದ್ಮೇಲೆ ಬದಲಾಯಿಸಬೇಡಿ. ಅನುಮಾನ ಬಂದ್ರೆ ಆ ಪಾಯಿಂಟು ರದ್ದು, ಮತ್ತೆ ಆಡೋದು,” ಅಂದ ಅಂಪೈರು. ಅದಕ್ಕೆಂದು ನಾಲ್ಕು ಪ್ರಶ್ನೆ ಹೆಚ್ಚಿಗೆ ಎತ್ತಿಟ್ಟರು.

ಉತ್ತರದ ಸ್ಲೈಡುಗಳಿಗೆ ಬಂದಾಗ ಆಕೆಯ ಕೈ ನಿಧಾನವಾಯಿತು. ಬರೀ ‘ಬಿ’ ಅಂತ ತೋರಿಸಿ ಮುಂದೆ ಹೋದರೆ ಹುಡುಗಿಯರಿಗೆ ಗೆದ್ದದ್ದು ನೆನಪಿರುತ್ತದೆ, ಕಲಿತದ್ದಲ್ಲ. ಆದ್ದರಿಂದ ಉತ್ತರ, ಕೆಳಗೆ ಒಂದೆರಡು ಸಾಲು ಕಾರಣ, ಮೂಲೆಯಲ್ಲಿ ರೂಪುರೇಷೆಯ ಯಾವ ಭಾಗ ಅನ್ನುವ ಸಂಖ್ಯೆ ಅಂತ ತೀರ್ಮಾನಿಸಿದಳು. ‘ಎಡ ಹೃತ್ಕುಕ್ಷಿಯ ಗೋಡೆ ಯಾಕೆ ದಪ್ಪ?’ ಅನ್ನುವುದಕ್ಕೆ, ‘ಬಲಗಡೆಯದು ಪಕ್ಕದ ಮನೆಗೆ ನೀರು ಕೊಡಬೇಕು, ಎಡಗಡೆಯದು ಊರಿಗೆಲ್ಲ’ ಅಂತ ಬರೆದಳು. ಕ್ಲಾಸಿನಲ್ಲಿ ಹೇಳುತ್ತಿದ್ದದ್ದೇ ಅದು. ಬರೆದ ಸಾಲನ್ನು ಓದಿದಾಗ ಒಳಗೆ ತನ್ನ ಹಳೆಯ ಧ್ವನಿ ಕೇಳಿತು. ‘ಊರಿಗೆಲ್ಲ’ ಅನ್ನುವಲ್ಲಿ ಏರುತ್ತಿದ್ದ ದನಿ, ಅದಕ್ಕೆ ಹಿಂದಿನ ಸಾಲುಗಳಿಂದ ಬರುತ್ತಿದ್ದ ನಗು. ಆ ಏರನ್ನು ಯಾವ ದಪ್ಪ ಅಕ್ಷರದಲ್ಲಿ ಹಾಕುವುದು? ಬೆರಳು ಕೀಲಿಗಳ ಮೇಲೆ ಹಾಗೇ ನಿಂತಿತು. ಗಂಡ ಎದ್ದು ಹೋಗಿ ಚಹಾ ಇಟ್ಟ.

ಎರಡು ಸುತ್ತು ಆಕೆ ಮಾಡಿದಳು. ತಟ್ಟೆಯ ಸುತ್ತನ್ನೂ ಮೊದಲ ಸುತ್ತನ್ನೂ ಹೊಸ ಮೇಷ್ಟ್ರು ರೂಪುರೇಷೆ ನೋಡಿಕೊಂಡು ಟೈಪು ಮಾಡಿ ಕಳಿಸಿದರು. ಆಕೆ ಎಲ್ಲವನ್ನೂ ಓದಿ ಎರಡು ಅಕ್ಷರದೋಷ ತಿದ್ದಿ, ಸರಿ ಅಂತ ಉತ್ತರಿಸಿದಳು.

ಆಟದ ದಿನ ಬೆಂಚುಗಳನ್ನು ತಿರುಗಿಸಿ ನಾಲ್ಕು ಗುಂಪು ಮಾಡಿದ್ದರು. ಹಾಸ್ಟೆಲಿನ ಅಡುಗೆಮನೆಯಿಂದ ನಾಲ್ಕು ಸ್ಟೀಲು ತಟ್ಟೆ, ನಾಲ್ಕು ಚಮಚ ಬಂದಿದ್ದವು. ಕಿಟಕಿಯ ಪಕ್ಕದ ತಂಡಕ್ಕೆ ಪಟಾಕಿ ಅಂತ ಕರೆಸಿಕೊಳ್ಳುತ್ತಿದ್ದ ಹುಡುಗಿ ನಾಯಕಿ. ಅವಳಿಗೆ ಗೊತ್ತಿರದ ಉತ್ತರ ಇರಬಹುದು, ಕೊಡದ ಉತ್ತರ ಇಲ್ಲ. ಬಾಗಿಲ ಕಡೆಯ ತಂಡದಲ್ಲಿ ಪಿಸು ಇದ್ದಳು. ಹಾಜರಿ ಕೂಗಿದಾಗ ಅವಳ ‘ಪ್ರೆಸೆಂಟ್’ ಪಕ್ಕದವಳಿಗೂ ಕೇಳುವುದಿಲ್ಲ ಅಂತ ಆ ಹೆಸರು. ಗೆಳತಿಯರು ಅದೇ ಹೆಸರನ್ನು ಈಗ ಮೇಡಮ್ಮಿಗೆ ಇಡುವ ಧೈರ್ಯ ಮಾಡಿರಲಿಲ್ಲ.

ಹೊಸ ಮೇಷ್ಟ್ರು ನಿಯಮ ಓದಿದರು. ಮೇಡಂ ಲ್ಯಾಪ್‌ಟಾಪಿನ ಪಕ್ಕ ಕೂತಳು. ಮೊದಲ ಸುತ್ತು ಸಲೀಸಾಗಿ ಹೋಯಿತು. ಚೀಟಿ ಜೋಡಿಸುವಾಗ ಕೋಣೆಯೆಲ್ಲ ಗಲಾಟೆ. “ಶ್ವಾಸಕೋಶ ಆದ್ಮೇಲೆ ಎಡಗಡೆ ಕಣೇ!” “ನಿನ್ನ ಎಡಗಡೆನೋ ರೋಗಿ ಎಡಗಡೆನೋ?” ಬಾಗಿಲ ಕಡೆಯ ತಂಡದ ಏಳು ಜೋಡಿಯೂ ಸರಿಯಿದ್ದವು. ಚೀಟಿಗಳನ್ನು ಮಾತಿಲ್ಲದೆ ಸರಿಸುತ್ತಿದ್ದದ್ದು ಪಿಸುವಿನ ಬೆರಳು ಅನ್ನುವುದನ್ನು ಮೇಡಂ ಗಮನಿಸಿದಳು.

ತಟ್ಟೆಯ ಸುತ್ತಿನಲ್ಲಿ ಆಟದ ಬಣ್ಣ ಬದಲಾಯಿತು. ಪ್ರಶ್ನೆ ಅರ್ಧ ಓದುವುದರೊಳಗೆ ಪಟಾಕಿ ಬಡಿದುಬಿಡುತ್ತಿದ್ದಳು. ಬಾಗಿಲ ಕಡೆಯ ತಂಡ ಅವಸರಪಟ್ಟು ಎರಡು ಸಲ ಬಡಿದು, ಎರಡು ಸಲ ತಪ್ಪಿ ಹತ್ತು ಅಂಕ ಕಳೆದುಕೊಂಡಿತು. ಆಮೇಲೆ ಅವರ ಚಮಚ ಮೇಜಿನ ಮೇಲೆ ಸುಮ್ಮನೆ ಮಲಗಿತು.

“ಶುದ್ಧ ರಕ್ತವನ್ನು ಹೃದಯಕ್ಕೆ ಅಥವಾ ಹೃದಯದಿಂದ ಒಯ್ಯುವ...” ಅಂತ ಶುರು ಮಾಡಿದ ಹೊಸ ಮೇಷ್ಟ್ರು ಪರದೆ ನೋಡಿ ತಿದ್ದಿಕೊಂಡರು. “ಇಲ್ಲಿರೋ ಹಾಗೆ ಓದ್ತೀನಿ. ಶುದ್ಧ ರಕ್ತವನ್ನು ಒಯ್ಯುವ ರಕ್ತನಾಳ ಯಾವುದು?”

ತಟ್ಟೆ ಸದ್ದಾಯಿತು. ಈ ಸಲ ಬಡಿದದ್ದು ಪಿಸು. ಬಡಿದು ತಾನೇ ಬೆಚ್ಚಿದಳು. ತುಟಿ ಅಲುಗಿತು.

“ಜೋರಾಗಿ ಹೇಳೇ!” ಅಂತ ನಾಲ್ಕು ಕಡೆಯಿಂದ ಕೂಗು.

“ಒಂದೇ ಅಲ್ಲ ಸರ್. ಶ್ವಾಸಕೋಶದ ಅಭಿಧಮನಿನೂ ಒಯ್ಯತ್ತೆ.”

ಉತ್ತರದ ಸ್ಲೈಡು ಬಂತು. ‘ಅಪಧಮನಿ. ಅಪಧಮನಿ ಶುದ್ಧ, ಅಭಿಧಮನಿ ಅಶುದ್ಧ. ಭಾಗ ಎರಡು.’ ಐದು ಅಂಕ ಕಡಿತ ಅಂತ ಬೋರ್ಡಿನ ಮೇಲೆ ಅಂಕ ಬರೆಯಲು ನಿಂತಿದ್ದ ಹುಡುಗಿ ಬರೆದಳು. ಕಿಟಕಿಯ ಕಡೆ ಚಪ್ಪಾಳೆ ಬಿತ್ತು. ಪಿಸು ಕೂರಲಿಲ್ಲ. ಮುಖ ಕೆಂಪಾಗಿತ್ತು. ಅವಳು ಹೊಸ ಮೇಷ್ಟ್ರನ್ನು ನೋಡದೆ ಲ್ಯಾಪ್‌ಟಾಪಿನ ಪಕ್ಕ ಕೂತಿದ್ದವಳನ್ನು ನೋಡಿದಳು.

“ಮೇಡಂ, ನೀವೇ ಹೇಳಿದ್ರಿ.”

ಗದ್ದಲದಲ್ಲಿ ಆ ಮಾತು ಮೇಡಮ್ಮಿಗೆ ಬಿಟ್ಟು ಯಾರಿಗೂ ಕೇಳಿಸಲಿಲ್ಲ. ಆಕೆ ಎದ್ದು ಕೈ ಎತ್ತಿದಳು. ಕೋಣೆ ಹಂತಹಂತವಾಗಿ ತಣ್ಣಗಾಯಿತು. ಮುಂದೆ ಹೇಳು ಅಂತ ಕೈಸನ್ನೆ ಮಾಡಿದಳು.

“ನೀವು ಬರ್ಕೊಳಿ ಅಂದ್ರಿ, ಅಪಧಮನಿ ಶುದ್ಧ, ಅಭಿಧಮನಿ ಅಶುದ್ಧ ಅಂತ. ಎಲ್ರೂ ಬರ್ಕೊಂಡ್ವಿ. ಆಮೇಲೆ ನೀವು,” ಪಿಸು ಒಂದು ಕ್ಷಣ ನಿಂತಳು. ಸರಿಯಾಗಿ ಮೇಡಂ ನಿಲ್ಲುತ್ತಿದ್ದಷ್ಟೇ ಹೊತ್ತು. “ಬರೆದ್ರಾ? ಈಗ ಅಳಿಸಿ, ಅಂದ್ರಿ. ಹೃದಯದಿಂದ ಹೊರಡೋದೆಲ್ಲ ಅಪಧಮನಿ, ಹೃದಯಕ್ಕೆ ಬರೋದೆಲ್ಲ ಅಭಿಧಮನಿ. ಒಳಗೆ ಏನಿದೆ ಅಂತ ಹೆಸರು ಹೇಳಲ್ಲ, ಯಾವ ಕಡೆ ಹೊರಟಿದೆ ಅಂತ ಹೇಳತ್ತೆ, ಅಂದ್ರಿ. ಶ್ವಾಸಕೋಶದ ಹತ್ರ ಎರಡೂ ತಿರುಗಾ ಮುರುಗಾ.”

ಸಣ್ಣ ದನಿಯೇ. ಆದರೆ ‘ಹೊರಟಿದೆ’ ಅನ್ನುವಲ್ಲಿ ಅದು ಏರಿತು. ಆ ಏರು ಮೇಡಮ್ಮಿನದು. ಕಾರಿಡಾರು ದಾಟುತ್ತಿದ್ದ, ಈಗ ಎಲ್ಲೂ ಇಲ್ಲ ಅಂದುಕೊಂಡಿದ್ದ ಏರು.

ರೂಪುರೇಷೆಯಲ್ಲಿ ಆ ಸಾಲಿನ ಮುಂದೆ ಒಂದು ನಕ್ಷತ್ರವಿತ್ತು. ಇಲ್ಲಿ ಅಳಿಸಲು ಹೇಳು ಅನ್ನುವುದು ಅದರ ಅರ್ಥ. ಗೊತ್ತಿದ್ದದ್ದು ಆಕೆಯೊಬ್ಬಳಿಗೇ. ನಕ್ಷತ್ರ ಅಂದರೆ ಮುಖ್ಯ ಅಂಶ ಅಂತ ತಿಳಿದು ಹೊಸ ಮೇಷ್ಟ್ರು ಅದನ್ನು ಎತ್ತಿ ಪ್ರಶ್ನೆ ಮಾಡಿದ್ದರು. ಸ್ಲೈಡು ತನ್ನ ಕಣ್ಣ ಮುಂದೆಯೂ ಹಾದು ಹೋಗಿತ್ತಲ್ಲ, ಯಾಕೆ ಕಾಣಲಿಲ್ಲ? ಓದುವಾಗ ಉಳಿದ ಮಾತು ಒಳಗೇ ತಾನಾಗಿ ಸೇರಿಕೊಂಡಿತ್ತು. ಬಾಯಿ ನಿಂತರೂ ತಲೆಯೊಳಗಿನ ಪಾಠ ನಿಂತಿರಲಿಲ್ಲ, ಅದು ಸ್ಲೈಡಿನಲ್ಲಿ ಇಲ್ಲದ್ದನ್ನೂ ಓದಿಕೊಂಡಿತ್ತು.

ಹೊಸ ಮೇಷ್ಟ್ರು ಪರದೆಯನ್ನೂ ಆಕೆಯನ್ನೂ ನೋಡಿದರು. “ಛೆ, ನನಗೂ ಗೊತ್ತಿರೋದೇ. ಟೈಪು ಮಾಡೋವಾಗ ಸಾಲು ಹಾಗೇ ಇಳಿಸಿಬಿಟ್ಟೆ ಮೇಡಂ. ಕ್ಲಾಸಲ್ಲೂ ಹಾಗೇ ಓದಿದೆ ಅನ್ಸತ್ತೆ.” ಆಂತರಿಕ ಪರೀಕ್ಷೆಯ ತಪ್ಪುಗಳು ಯಾಕೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದವು ಅಂತ ಇಬ್ಬರಿಗೂ ಆಗ ಹೊಳೆಯಿತು.

ಪಟಾಕಿ ಎದ್ದಳು. “ಸರ್, ಹಾಗಾದ್ರೆ ನಮಗೆ ಅಂಕ ಇಲ್ವಾ? ನಾವೂ ಬಡಿಯೋಕೆ ರೆಡಿ ಇದ್ವಿ!”

“ನಮಗೆ ಹತ್ತು ಬರ್ಬೇಕು!” ಅಂತ ಬಾಗಿಲ ಕಡೆಯವರು.

ಮೇಡಂ ಬೋರ್ಡಿಗೆ ಹೋಗಿ ಬರೆದಳು. ‘ಪ್ರಶ್ನೆಯೇ ತಪ್ಪು. ರದ್ದು. ಕಡಿತ ವಾಪಸ್. ಹೊಸ ಪ್ರಶ್ನೆ.’ ಬಾಗಿಲ ಕಡೆ ಗೊಣಗಾಟ ಎದ್ದಿತು. ಆಕೆ ಸೀಮೆಸುಣ್ಣ ಕೆಳಗಿಟ್ಟಳು. ಬರೆಯುವುದಕ್ಕೆ ಇನ್ನೂ ಬೇಕಾದಷ್ಟಿತ್ತು. ಆದರೆ ಬರೆಯುವ ಮನಸ್ಸು ಬರಲಿಲ್ಲ. ಹೇಳಬೇಕು ಅನ್ನಿಸಿತು. ತಿಂಗಳುಗಳಿಂದ ಗಂಟಲಲ್ಲಿ ಕೂತಿದ್ದ ಹಸಿವು ಅದು. ಹತ್ತಿರ ಬನ್ನಿ ಅಂತ ಎರಡೂ ಕೈಯಿಂದ ಕರೆದಳು.

ಮೊದಲು ಪಿಸು ಬಂದು ಎದುರಿಗೆ ನಿಂತಳು. ಬೆಂಚು ಎಳೆದ ಸದ್ದಾಯಿತು. ಇಡೀ ಕ್ಲಾಸು ಮೇಜಿನ ಸುತ್ತ ನೆರೆಯಿತು, ಹಿಂದಿನವರು ಮುಂದಿನವರ ಹೆಗಲ ಮೇಲೆ ಗಲ್ಲ ಊರಿದರು. ಪಟಾಕಿ ಹೋಗಿ ಫ್ಯಾನು ಆರಿಸಿ ಬಂದಳು.

ಮೇಡಂ ತನ್ನ ಗಾಳಿಯ ದನಿಯಲ್ಲಿ ಶುರು ಮಾಡಿದಳು. ಎರಡು ವಾಕ್ಯಕ್ಕೊಮ್ಮೆ ಉಸಿರು ಮುಗಿಯುತ್ತಿತ್ತು. ಧ್ವನಿತಂತು ಮುಚ್ಚಿಕೊಳ್ಳದೆ ಗಾಳಿ ವ್ಯರ್ಥವಾಗಿ ಸೋರುತ್ತಿತ್ತು. ನಿಲ್ಲುತ್ತಿದ್ದಳು, ಮತ್ತೆ ಹೇಳುತ್ತಿದ್ದಳು. “ಬಲಗಡೆಯಿಂದ ಹೊರಟ ರಕ್ತ... ಕೆಟ್ಟದ್ದೇ. ಆದ್ರೂ ಹೊರಟಿದೆಯಲ್ಲ... ಅದಕ್ಕೇ ಅಪಧಮನಿ. ಶ್ವಾಸಕೋಶದಲ್ಲಿ ಆಮ್ಲಜನಕ ತುಂಬ್ಕೊಂಡು... ಮನೆಗೆ ವಾಪಸ್ ಬರತ್ತೆ. ಬರ್ತಿದೆಯಲ್ಲ... ಅದಕ್ಕೇ ಅಭಿಧಮನಿ.” ಎಷ್ಟೋ ವರ್ಷ ಗಟ್ಟಿ ದನಿಯಲ್ಲಿ ಹೇಳಿದಾಗಲೂ ಯಾರೂ ಇಷ್ಟು ಹತ್ತಿರ ಬಂದು ಕೇಳಿರಲಿಲ್ಲ. ಅದು ಆಕೆಗೆ ಗೊತ್ತಾಯಿತು. ಆದರೂ ಆಕೆಗೆ ಬೇಕಾಗಿದ್ದದ್ದು ಈ ಹತ್ತಿರವಲ್ಲ, ಆ ದೂರ. ಕೋಣೆಯ ತುದಿಗೆ ಎಸೆದ ಮಾತು ಗೋಡೆಗೆ ತಾಗಿ ತಿರುಗಿ ಬರುವ ಆ ಸುಖ.

ಆಟ ಮುಂದುವರಿಯಿತು. ಹೊಸ ಪ್ರಶ್ನೆಗೆ ಮೊದಲು ಬಡಿದದ್ದು ಪಟಾಕಿಯೇ, ಸರಿಯಾಗಿಯೇ ಹೇಳಿದಳು. ‘ಯಾಕೆ’ ಸುತ್ತಿನಲ್ಲಿ ಒಬ್ಬಳಿಗೆ ಒಂದೇ ಸಲ ಅನ್ನುವ ನಿಯಮ ಅವಳನ್ನು ಕಟ್ಟಿಹಾಕಿತು. ಅವಳು ತನ್ನ ತಂಡದವರ ಕಿವಿಯಲ್ಲಿ ಕಾರಣಗಳನ್ನು ತುರುಕುತ್ತಾ ಒದ್ದಾಡಿದಳು. ಬಾಗಿಲ ಕಡೆಯ ತಂಡ ಚೇತರಿಸಿಕೊಂಡಿತು, ಆದರೆ ಗೆಲ್ಲಲಿಲ್ಲ. ಮೂರನೆಯ ಸ್ಥಾನಕ್ಕೆ ಬಂತು. ಪಿಸುವಿಗೆ ಅದರ ಬೇಸರ ಇದ್ದಂತೆ ಕಾಣಲಿಲ್ಲ. ಹೊರಗೆ ಹೋಗುವಾಗ ಅವಳು ಬಾಗಿಲಲ್ಲಿ ತಡೆದಳು.

“ಮೇಡಂ, ಮೂತ್ರಪಿಂಡದ ಪಾಠ ನೀವು ಮಾಡಲೇ ಇಲ್ಲ ನಮಗೆ.”

“ಸರ್ ಮಾಡಿದ್ದಾರಲ್ಲ.”

“ಮಾಡಿದ್ದಾರೆ,” ಅಂದಳು ಪಿಸು. ಚೀಲ ಹೆಗಲಿಗೇರಿಸಿಕೊಂಡು ಹೋದಳು.

ಮರುದಿನ ಹೊಸ ಮೇಷ್ಟ್ರು ರೂಪುರೇಷೆಯ ಹಾಳೆಗಳನ್ನು ತಂದು ಆಕೆಯ ಮುಂದೆ ಹರಡಿದರು. “ಒಂದೊಂದೇ ನಕ್ಷತ್ರ ಹೇಳ್ತಾ ಹೋಗಿ ಮೇಡಂ. ನಾನು ಬರ್ಕೋತೀನಿ.” ಇಬ್ಬರೂ ಕೂತು ಪ್ರತಿ ಗುರುತಿನ ಹಿಂದಿನ ಮಾತನ್ನು ಉತ್ತರದ ಸ್ಲೈಡಿಗೆ ಇಳಿಸಿದರು. ಕೆಲವು ನಕ್ಷತ್ರಗಳನ್ನು ಯಾಕೆ ಹಾಕಿದ್ದೆ ಅಂತ ಆಕೆಗೂ ನೆನಪಾಗಲಿಲ್ಲ. ಕ್ಲಾಸಿನಲ್ಲಿ ನಿಂತು ಆ ಸಾಲಿಗೆ ಬಂದಾಗ ಮಾತ್ರ ಬಾಯಿಗೆ ಬರುತ್ತಿದ್ದ ಮಾತುಗಳವು. ಅವುಗಳ ಮುಂದೆ ಜಾಗ ಖಾಲಿ ಬಿಟ್ಟರು.

ಕೊನೆಯ ಪರೀಕ್ಷೆಯಲ್ಲಿ ರಕ್ತಪರಿಚಲನೆಗೆ ಹುಡುಗಿಯರು ಚೆನ್ನಾಗಿ ಬರೆದರು. ಉಳಿದ ಅಧ್ಯಾಯಗಳಿಗೂ ಇಂಥ ಆಟ ಕಟ್ಟಿಕೊಡಿ ಅಂತ ಪ್ರಿನ್ಸಿಪಾಲರು ಕೇಳಿದರು. ಆಕೆ ಒಪ್ಪಿಕೊಂಡಳು. ಗಂಟಲು ಪರೀಕ್ಷಿಸಿದ ವೈದ್ಯರು ತಂತು ಕೊಂಚ ಅಲುಗುತ್ತಿದೆ ಅಂದರು. ಧ್ವನಿ ಎಷ್ಟು ಬರುತ್ತದೆ ಅಂತ ಹೇಳಲಾಗದು, ಉಸಿರಿನ, ದನಿಯ ಅಭ್ಯಾಸ ಬಿಡಬೇಡಿ ಅಂದರು.

ರಜೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಆಕೆ ಹೊಸ ಆಟದ ಸ್ಲೈಡುಗಳು ಪರದೆಯ ಮೇಲೆ ಹೇಗೆ ಕಾಣುತ್ತವೆ ನೋಡಲು ಕ್ಲಾಸಿಗೆ ಹೋದಳು. ಮೂತ್ರಪಿಂಡದ ಮೊದಲ ಪ್ರಶ್ನೆ ಗೋಡೆಯ ಮೇಲೆ ಬೆಳಗಿತು. ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಆಕೆ ಮೇಜಿನ ಮುಂದೆ ಬಂದು, ಕಾಲು ಊರಿ ನಿಂತು, ಹೊಟ್ಟೆಯಿಂದ ಉಸಿರೆಳೆದುಕೊಂಡು, “ಎಲ್ರೂ ಪೆನ್ನು ತೊಗೊಳಿ,” ಅಂದಳು. ಗಾಳಿಯ ನಡುವೆ ಎಲ್ಲೋ ಒಂದು ಎಳೆ ದನಿ ಬಂತು. ಮತ್ತೆ ಹೇಳಿದಳು. ಅದು ಎಷ್ಟನೆಯ ಬೆಂಚಿನವರೆಗೆ ಹೋಯಿತು ಅಂತ ತಿಳಿಯಲಿಲ್ಲ. ಕೇಳಿತು ಅನ್ನುವುದಕ್ಕೆ ಅಲ್ಲಿ ಯಾರೂ ಕೂತಿರಲಿಲ್ಲ. ಆಕೆ ಇನ್ನೊಂದು ಸಲ ಉಸಿರೆಳೆದುಕೊಂಡಳು.